ವಯಸ್ಸಾದವರ ಮೈಮೇಲೆ ಬಿಗಿ ಗುಳ್ಳೆ: ಸುಟ್ಟಿದ್ದಾ, ಹುಳ ಕಡಿದಿದ್ದಾ, ಬುಲ್ಲಸ್ ಪೆಂಫಿಗಾಯ್ಡಾ? ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಮುಂಬೈನ ಒಂದು ಲ್ಯಾಬಲ್ಲಿ ಹಿಸ್ಟೋಪೆಥಾಲಜಿ ಟೆಕ್ನಿಶಿಯನ್, ಅಂದ್ರೆ ಬಯಾಪ್ಸಿ ಬಾಟಲಿ ಬಂದ್ಮೇಲೆ ಅದನ್ನ ಕತ್ತರಿಸಿ ಸ್ಲೈಡ್ ಮಾಡೋ ಕೆಲಸ ನಂದು. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿ. ಹೋದ ವರ್ಷ ನಮ್ಮ ಸೋದರಮಾವನಿಗೇ ಬುಲ್ಲಸ್ ಪೆಂಫಿಗಾಯ್ಡ್ ಬಂತು, ಅಂದ್ರೆ ನಮ್ಮ ಮೈಯೇ ನಮ್ಮ ಚರ್ಮದ ಮೇಲೆ ತಿರುಗಿಬಿದ್ದು ಬಿಗಿ ಗುಳ್ಳೆ ಎಬ್ಬಿಸೋ ಕಾಯಿಲೆ, ಅವರಿಗೆ 76 ವರ್ಷ, ಆಮೇಲಿಂದ ಪರಿಚಯದವರೆಲ್ಲ ನಂಗೇ ಫೋನ್ ಮಾಡಿ ಅದೇ ಪ್ರಶ್ನೆ ಕೇಳ್ತಾರೆ, ಅದಕ್ಕೇ ಒಂದ್ಸಲ ಕೂತು ಬರೆದಿಟ್ಟಿದೀನಿ.

ಬಿಗಿ ಗುಳ್ಳೆ ಅಂದ್ರೆ ಏನು? ಎಲ್ಲಾ ಗುಳ್ಳೆನೂ ಒಂದೇ ಅಲ್ವಾ?

ಅಲ್ಲ. ಹಪ್ಪಳ ಕರಿದಾಗ ಮೇಲೆ ತೆಳ್ಳಗೆ ಉಬ್ಬಿರುತ್ತಲ್ಲ, ಬೆರಳು ತಾಗಿದ್ರೆ ಸಾಕು ಒಡೆದು ಹೋಗುತ್ತೆ, ಆ ಥರದ ಸಡಿಲ ಗುಳ್ಳೆ ಪೆಂಫಿಗಸ್ ಅನ್ನೋ ಬೇರೆ ಕಾಯಿಲೆದು. ಹೆಸರು ಹತ್ತಿರ ಇದೆ ಅಂತ ಜನ ಎರಡನ್ನೂ ಸೇರಿಸಿಬಿಡ್ತಾರೆ. ಪೆಂಫಿಗಾಯ್ಡ್ ಗುಳ್ಳೆ ತುಂಬಿದ ದ್ರಾಕ್ಷಿ ಥರ, ಒತ್ತಿದ್ರೂ ಬೇಗ ಒಡೆಯಲ್ಲ, ಒಳಗೆ ತಿಳಿ ನೀರು, ಕೆಲವು ಸಲ ಸ್ವಲ್ಪ ರಕ್ತ ಬೆರೆತಿರುತ್ತೆ. ಮಾವನ ತೊಡೆ ಒಳಭಾಗದಲ್ಲಿ ಒಂದು ನಿಂಬೆಹಣ್ಣಿನಷ್ಟು ದೊಡ್ಡದಾಗಿತ್ತು, ಎರಡು ದಿನ ಪಂಚೆ ಉಜ್ಜಿದ್ರೂ ಹಾಗೇ ಇತ್ತು.

ಕಾರಣ ಗುಳ್ಳೆಯ ಆಳದಲ್ಲಿದೆ. ಚರ್ಮದ ಮೇಲ್ಪದರ ಕೆಳಗಿನ ಪದರಕ್ಕೆ ಅಂಟಿಕೊಂಡಿರೋದು, ಟೈಲ್ಸು ಸಿಮೆಂಟಲ್ಲಿ ಕೂತ ಹಾಗೆ ಅಂದ್ಕೊಳ್ಳಿ. ಪೆಂಫಿಗಾಯ್ಡಲ್ಲಿ ನಮ್ಮ ಮೈಯಲ್ಲೇ ತಯಾರಾದ ಆಂಟಿಬಾಡಿ ಹೋಗಿ ಆ ಸಿಮೆಂಟಿನ ಎರಡು ಪ್ರೋಟೀನ್ ಮೇಲೆ ಕೂರುತ್ತೆ, ಬಿಪಿ180 ಮತ್ತೆ ಬಿಪಿ230 ಅಂತ ಅವಕ್ಕೆ ಹೆಸರು, ಆಮೇಲೆ ಅಲ್ಲಿಗೆ ಉರಿಯೂತದ ಕಣಗಳು ಬಂದು ಅಂಟು ಬಿಟ್ಟುಹೋಗುತ್ತೆ, ಸಂದಿಯಲ್ಲಿ ನೀರು ತುಂಬುತ್ತೆ. ಮೇಲ್ಪದರ ಪೂರ್ತಿ ದಪ್ಪಕ್ಕೆ ಎದ್ದು ಬರೋದ್ರಿಂದ ಗುಳ್ಳೆಯ ಛಾವಣಿ ಗಟ್ಟಿ, ಅದಕ್ಕೇ ಬಿಗಿ.

ಗುಳ್ಳೆಗೆ ಮುಂಚೆ ಏನಾದ್ರೂ ಗೊತ್ತಾಗುತ್ತಾ?

ತುರಿಕೆ. ಇದನ್ನ ಮನೆಯಲ್ಲಿ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಮಾವನಿಗೆ ಮಾರ್ಚಿಂದಲೇ ಶುರು, ರಾತ್ರಿ ನಿದ್ದೆ ಇಲ್ಲ, ಬೆನ್ನು ಹೊಟ್ಟೆ ಕೆರೆದು ಕೆರೆದು ಗಾಯ. ಸೆಖೆಗೆ ಅಂದ್ರು, ಸೋಪು ಬದಲಾಯಿಸಿದ್ರು, ಆಮೇಲೆ ಪಿತ್ತದ ಗಂಧೆ ಥರ ಕೆಂಪು ಪಟ್ಟೆ ಎದ್ದು ದಿನಗಟ್ಲೆ ಹೋಗ್ಲಿಲ್ಲ, ಅಲರ್ಜಿ ಮಾತ್ರೆ ಕೊಟ್ರು. ಮೊದಲ ಗುಳ್ಳೆ ಕಂಡಿದ್ದು ಜೂನಲ್ಲಿ, ಮಳೆ ಶುರುವಾದ ವಾರ. ವಾರಗಟ್ಲೆ, ಕೆಲವರಿಗೆ ತಿಂಗಳುಗಟ್ಲೆ ಬರೀ ತುರಿಕೆ ಇರುತ್ತೆ, ಕೆಲವರಿಗಂತೂ ಗುಳ್ಳೆ ಬರೋದೇ ಇಲ್ಲ. 70 ದಾಟಿದವರಿಗೆ ಕಾರಣ ಸಿಗದ ತುರಿಕೆ ಬಹಳ ದಿನ ಹಿಡಿದ್ರೆ ಚರ್ಮದ ಡಾಕ್ಟರ್ ಹತ್ರ ಒಂದ್ಸಲ ತೋರಿಸೋದೇ ಸರಿ.

ಬಿಸಿನೀರು ತಾಗಿ ಸುಟ್ಟಿದ್ದು ಅಲ್ಲ ಅಂತ ಹೇಗೆ ಹೇಳೋದು?

ನಮ್ಮನೇಲಿ ಮೊದಲು ಹೇಳಿದ್ದೇ ಇದು. ಮಾವ ಮೊಣಕಾಲು ನೋವಿಗೆ ಬಿಸಿನೀರಿನ ಬ್ಯಾಗ್ ಇಟ್ಕೊಳ್ತಾರೆ, ಶುಗರ್ ಇರೋದ್ರಿಂದ ಕಾಲಿಗೆ ಸ್ಪರ್ಶ ಕಮ್ಮಿ, ಹಾಗಾಗಿ "ಬ್ಯಾಗ್ ಜಾಸ್ತಿ ಬಿಸಿ ಇತ್ತು, ಗೊತ್ತಾಗಿಲ್ಲ" ಅಂತ ಅತ್ತೆ ತೀರ್ಮಾನ ಮಾಡ್ಬಿಟ್ರು. ತಪ್ಪೇನಲ್ಲ, ಶುಗರ್ ಇರೋರಿಗೆ ಹಾಗೆ ನಿಜವಾಗ್ಲೂ ಆಗುತ್ತೆ.

ಆದ್ರೆ ಸುಟ್ಟ ಬೊಬ್ಬೆ ಬಿಸಿ ತಾಗಿದ ಜಾಗದಲ್ಲಿ ಮಾತ್ರ ಇರುತ್ತೆ, ತಾಗಿದ ವಸ್ತುವಿನ ಆಕಾರ ಎದ್ದು ಕಾಣುತ್ತೆ, ಕೆಲವೇ ಗಂಟೆಯಿಂದ ಒಂದು ದಿನದೊಳಗೆ ಏಳುತ್ತೆ, ಆಮೇಲೆ ಹೊಸದು ಬರಲ್ಲ. ಮಾವನ ಬ್ಯಾಗ್ ಇದ್ದಿದ್ದು ಬಲ ಮೊಣಕಾಲಿನ ಮೇಲೆ, ಗುಳ್ಳೆ ಬಂದಿದ್ದು ಎರಡೂ ತೊಡೆಯ ಒಳಗೆ, ಕಿಬ್ಬೊಟ್ಟೆ ಮೇಲೆ, ಮೊಣಕೈ ಮಡಿಚೋ ಕಡೆ. ನಾಲ್ಕನೇ ದಿನ ಕಂಕುಳಲ್ಲಿ ಹೊಸದಾಗಿ ಎರಡು. ಕಂಕುಳಿಗೆ ಯಾರು ಬಿಸಿ ಬ್ಯಾಗ್ ಇಟ್ರು? ಅಲ್ಲಿಗೆ ಸುಟ್ಟಿದ್ದು ಅನ್ನೋ ವಾದ ಮುಗೀತು. ಇನ್ನೊಂದು, ಸುಟ್ಟಿದ್ದು ಉರಿಯುತ್ತೆ ನೋಯುತ್ತೆ, ಇದು ಮುಖ್ಯವಾಗಿ ತುರಿಸುತ್ತೆ.

ಹುಳ ಕಡಿದ್ರೂ ದೊಡ್ಡ ಗುಳ್ಳೆ ಬರುತ್ತಲ್ಲ?

ಬರುತ್ತೆ, ಇಲ್ಲೇ ನಿಜವಾದ ಗೊಂದಲ ಇರೋದು. ತಿಗಣೆ, ಸೊಳ್ಳೆ, ಚಿಗಟ ಕಡಿದು ಕೆಲವರಿಗೆ ಬಿಗಿ ಗುಳ್ಳೆನೇ ಏಳುತ್ತೆ, ಮತ್ತೆ ತುರಿಕೆನೂ ಇರುತ್ತೆ. ಸಾಮಾನ್ಯವಾಗಿ ಬಟ್ಟೆ ಮುಚ್ಚದ ಜಾಗ, ಕಣಕಾಲು ಮುಂಗೈ, ಸಾಲಾಗಿ ಅಥವಾ ಗುಂಪಾಗಿ, ನಡುವೆ ಚುಚ್ಚಿದ ಚುಕ್ಕೆ. ಒಂದು ವಾರ ಹತ್ತು ದಿನದಲ್ಲಿ ಒಣಗುತ್ತೆ, ಹಾಸಿಗೆ ಬಿಸಿಲಿಗೆ ಹಾಕಿ ತಿಗಣೆ ಔಷಧಿ ಹೊಡೆಸಿದ್ರೆ ನಿಲ್ಲುತ್ತೆ. ಮುಂಬೈ ಪುಣೆ ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರೋ ಒಂದು ಕೆಂಪು ಕಪ್ಪು ಪಟ್ಟೆಯ ಸಣ್ಣ ಹುಳ ಇದೆ, ಅದು ಕಡಿಯಲ್ಲ, ಮೈಮೇಲೆ ಉಜ್ಜಿ ಹೋದ್ರೆ ಅದರ ರಸ ತಾಗಿ ಮಾರನೇ ದಿನ ಗೆರೆ ಎಳೆದ ಹಾಗೆ ಉರಿಯೋ ಗುಳ್ಳೆ ಬರುತ್ತೆ, ಕುತ್ತಿಗೆ ಮುಖ ಕೈ ಹೆಚ್ಚು. ಗೆರೆ ಇದ್ದು ಉರಿ ಇದ್ರೆ ಅದನ್ನೂ ಯೋಚಿಸಿ.

ಪಕ್ಕದ್ಮನೆ ಮರಾಠಿ ಆಜಿ ಬಂದು ನೋಡಿ "ನಾಗೀಣ" ಅಂದ್ರು, ಅಂದ್ರೆ ನಮ್ಮ ಸರ್ಪಸುತ್ತು. ಸರ್ಪಸುತ್ತು ಮೈಯ ಒಂದೇ ಬದಿಗೆ ಪಟ್ಟಿ ಹಾಕಿದ ಹಾಗೆ ಬರುತ್ತೆ, ನಡುಗೆರೆ ಸಾಮಾನ್ಯವಾಗಿ ದಾಟಲ್ಲ, ನೋವು ಜಾಸ್ತಿ. ಮಾವನಿಗೆ ಎರಡೂ ಬದಿ ಇತ್ತು. ಅಂದಹಾಗೆ ಕಜ್ಜಿನೂ ವಯಸ್ಸಾದವರಲ್ಲಿ ಗುಳ್ಳೆ ಎಬ್ಬಿಸೋದುಂಟು, ಮನೇಲಿ ಬೇರೆಯವರಿಗೂ ತುರಿಕೆ ಇದ್ರೆ ಡಾಕ್ಟರಿಗೆ ಹೇಳಿ.

ಇಷ್ಟೆಲ್ಲ ಹೇಳಿದ್ಮೇಲೂ ಬರೀ ಕಣ್ಣಲ್ಲಿ ನೋಡಿ ಖಾತ್ರಿ ಆಗಲ್ಲ. ಚಿಕಿತ್ಸೆ ತಿಂಗಳುಗಟ್ಲೆ, ಕೆಲವರಿಗೆ ವರ್ಷದಾಚೆಗೂ ಹೋಗುತ್ತೆ, ಅಷ್ಟು ದಿನ 76 ವರ್ಷದ ಶುಗರ್ ಪೇಶೆಂಟಿಗೆ ಸ್ಟೀರಾಯ್ಡ್ ಕೊಡಬೇಕಾದ್ರೆ ಹೆಸರು ಗಟ್ಟಿಯಾಗಿ ಗೊತ್ತಿರ್ಬೇಕು.

ಬಯಾಪ್ಸಿ ಅಂದ್ರೆ ಕ್ಯಾನ್ಸರ್ ಟೆಸ್ಟ್ ಅಲ್ವಾ? ಯಾಕೆ ಹೆದರಿಸ್ತಾರೆ?

ಅತ್ತೆ ಆ ಪದ ಕೇಳಿ ಅಳೋಕೇ ಶುರು ಮಾಡಿದ್ರು. ಬಯಾಪ್ಸಿ ಅಂದ್ರೆ ಮೈಯಿಂದ ಸಣ್ಣ ತುಂಡು ತೆಗೆದು ನೋಡೋದು ಅಷ್ಟೇ, ಏನು ಹುಡುಕ್ತಾರೆ ಅನ್ನೋದು ಬೇರೆ ವಿಷಯ. ಇಲ್ಲಿ ಹುಡುಕೋದು ಎರಡು: ಚರ್ಮ ಯಾವ ಮಟ್ಟದಲ್ಲಿ ಬಿಟ್ಟುಕೊಂಡಿದೆ, ಆ ಅಂಟಿನ ಗೆರೆ ಮೇಲೆ ಆಂಟಿಬಾಡಿ ಕೂತಿದ್ಯಾ.

ಎರಡು ತುಂಡು ಯಾಕೆ? ಒಂದರಲ್ಲೇ ಎರಡೂ ನೋಡೋಕಾಗಲ್ವಾ?

ಈ ಪೇಜಲ್ಲಿ ಒಂದೇ ಒಂದು ಉತ್ತರ ಓದೋದಾದ್ರೆ ಇದನ್ನ ಓದಿ. ನಾನು ದಿನಾ ನೋಡೋ ತಪ್ಪು ಇದೇ, ನಮ್ಮನೇಲೂ ಇದೇ ಆಯ್ತು.

ಮೊದಲ ತುಂಡು ಗುಳ್ಳೆದು. ಹೊಸ ಗುಳ್ಳೆ ಆಗಿರ್ಬೇಕು, ಒಂದು ದಿನದೊಳಗಿಂದು ಆದ್ರೆ ಬಹಳ ಒಳ್ಳೇದು, ಸಣ್ಣದಾಗಿದ್ರೆ ಪೂರ್ತಿ, ದೊಡ್ಡದಾಗಿದ್ರೆ ಅಂಚು ಸೇರಿಸಿ. ಇದು ಫಾರ್ಮಲಿನ್ ಬಾಟಲಿಗೆ. ಹಳೇ ಗುಳ್ಳೆ ತೆಗೆದ್ರೆ ಏನಾಗುತ್ತೆ ಅಂದ್ರೆ ಎರಡು ಮೂರು ದಿನದಲ್ಲಿ ತಳದಿಂದ ಹೊಸ ಚರ್ಮ ಬೆಳೆಯೋಕೆ ಶುರುವಾಗಿರುತ್ತೆ, ಆಗ ಸ್ಲೈಡಲ್ಲಿ ಗುಳ್ಳೆ ಮೇಲ್ಪದರದ ಒಳಗೇ ಇದ್ದ ಹಾಗೆ ಕಾಣುತ್ತೆ, ಪೆಂಫಿಗಸ್ಸೇನೋ ಅನ್ನೋ ಅನುಮಾನ ಬರುತ್ತೆ.

ಎರಡನೇ ತುಂಡು ಗುಳ್ಳೆದಲ್ಲ, ಗುಳ್ಳೆ ಪಕ್ಕದ ಚರ್ಮದ್ದು, ಅಂಚಿಂದ ಒಂದು ಸೆಂಟಿಮೀಟರ್ ಒಳಗೆ, ಸ್ವಲ್ಪ ಕೆಂಪಿದ್ರೂ ಪರವಾಗಿಲ್ಲ ಆದ್ರೆ ಎದ್ದಿರಬಾರದು. ಜನ ಕೇಳ್ತಾರೆ, ಚೆನ್ನಾಗಿರೋ ಚರ್ಮ ಯಾಕೆ ಕತ್ತರಿಸ್ತಾರೆ ಅಂತ. ಗುಳ್ಳೆ ಒಳಗೆ ಉರಿಯೂತ ಆ ಆಂಟಿಬಾಡಿನ ತಿಂದು ಹಾಕಿರುತ್ತೆ, ಛಾವಣಿ ಬೇರೆ ಕಳಚಿ ಬರುತ್ತೆ, ಪಕ್ಕದಲ್ಲಿ ಮಾತ್ರ ಎಲ್ಲ ಜಾಗದಲ್ಲೇ ಕೂತಿರುತ್ತೆ. ಸಾಧ್ಯ ಆದ್ರೆ ಮೊಣಕಾಲಿಂದ ಕೆಳಗಿನ ಜಾಗ ಬೇಡ, ಅಲ್ಲಿ ಕಾಯಿಲೆ ಇದ್ರೂ ನೆಗೆಟಿವ್ ಬರೋ ಸಾಧ್ಯತೆ ಜಾಸ್ತಿ. ಈ ತುಂಡು ಹೋಗೋ ಟೆಸ್ಟಿಗೆ ಡಿಐಎಫ್ ಅಂತಾರೆ, ಡೈರೆಕ್ಟ್ ಇಮ್ಯುನೋಫ್ಲೋರೆಸೆನ್ಸ್. ಇದನ್ನ ಫಾರ್ಮಲಿನ್‌ಗೆ ಹಾಕಲೇಬಾರದು. ಮೈಕೆಲ್ಸ್ ಮೀಡಿಯಂ ಅನ್ನೋ ದ್ರವಕ್ಕೆ ಹಾಕಿದ್ರೆ ಕೆಲವು ದಿನ ತಡೆಯುತ್ತೆ, ಅದಿಲ್ಲ ಅಂದ್ರೆ ನಾರ್ಮಲ್ ಸಲೈನ್, ಆದ್ರೆ ಆಗ ಅದೇ ದಿನ ಇಲ್ಲಾ ಮಾರನೇ ದಿನದೊಳಗೆ ಲ್ಯಾಬ್ ಸೇರ್ಬೇಕು. ಫಾರ್ಮಲಿನ್ ಪ್ರೋಟೀನನ್ನ ಗಟ್ಟಿ ಕಟ್ಟಿಬಿಡುತ್ತೆ, ಆಮೇಲೆ ನಾವು ಹಚ್ಚೋ ಹೊಳೆಯೋ ಬಣ್ಣ ಅಂಟಲ್ಲ.

ಮಾವನಿಗೆ ಮೊದಲು ಒಂದು ನರ್ಸಿಂಗ್ ಹೋಮಲ್ಲಿ ತೆಗೆದ್ರು, ಎರಡು ತುಂಡೂ ಒಂದೇ ಫಾರ್ಮಲಿನ್ ಡಬ್ಬಿಗೆ. ನಾನು ಆ ದಿನ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ, ಗೊತ್ತಾಗಿದ್ದು ಸಾಯಂಕಾಲ. ರಿಪೋರ್ಟ್ ಬಂತು: ಚರ್ಮದ ಮೇಲ್ಪದರದ ಕೆಳಗೆ ಗುಳ್ಳೆ, ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ ತುಂಬಾ, ಬುಲ್ಲಸ್ ಪೆಂಫಿಗಾಯ್ಡ್ ಇರಬಹುದು, ಹುಳ ಕಡಿತದ ರಿಯಾಕ್ಷನ್ನೂ ಇರಬಹುದು. ಅಂದ್ರೆ ನಮ್ಮ ಪ್ರಶ್ನೆನೇ ನಮಗೆ ವಾಪಸ್! ಪೆಥಾಲಜಿಸ್ಟ್ ತಪ್ಪಲ್ಲ, ಹುಳ ಕಡಿದಾಗಲೂ ಇಯೋಸಿನೋಫಿಲ್ ಹಾಗೇ ಬರುತ್ತೆ, ಕೆಳಗೆ ನೀರು ನಿಂತು ಗುಳ್ಳೆನೂ ಆಗುತ್ತೆ, ಬರೀ ಆ ಸ್ಲೈಡ್ ನೋಡಿ ಕೆಲವು ಸಲ ಬೇರೆ ಮಾಡೋಕೇ ಆಗಲ್ಲ. ಸುಟ್ಟಿದ್ದಲ್ಲ ಅನ್ನೋದು ಮಾತ್ರ ಗ್ಯಾರಂಟಿ ಆಯ್ತು, ಸುಟ್ಟಿದ್ರೆ ಮೇಲ್ಪದರದ ಜೀವಕೋಶಗಳೇ ಸತ್ತಿರ್ತವೆ.

ಮತ್ತೆ ಒಂದು ವಾರಕ್ಕೆ ಇನ್ನೊಂದು ತುಂಡು ತೆಗೆಸಿದ್ವಿ, ಈ ಸಲ ನಾನೇ ಮೈಕೆಲ್ಸ್ ಬಾಟಲಿ ಲ್ಯಾಬಿಂದ ತಗೊಂಡು ಹೋಗಿ ನಿಂತಿದ್ದೆ, ತೆಗೆದ ಮೇಲೆ ಬ್ಯಾಗಲ್ಲಿಟ್ಕೊಂಡು ಡೊಂಬಿವಲಿ ಫಾಸ್ಟ್ ಲೋಕಲಲ್ಲಿ ನೂಕಾಟದ ನಡುವೆ ದಾದರ್‌ವರೆಗೆ ಎದೆಗೆ ಒತ್ತಿ ಹಿಡಿದಿದ್ದೆ. ಕತ್ತಲೆ ರೂಮಲ್ಲಿ ಮೈಕ್ರೋಸ್ಕೋಪ್ ಕೆಳಗಿಟ್ಟಾಗ ಮೇಲ್ಪದರ ಕೆಳಪದರ ಸೇರೋ ಜಾಗದಲ್ಲಿ ಉದ್ದಕ್ಕೂ ಒಂದು ಹಸಿರು ಗೆರೆ, ಪೆನ್ನಲ್ಲಿ ಎಳೆದ ಹಾಗೆ. ಐಜಿಜಿ ಅನ್ನೋ ಆಂಟಿಬಾಡಿ, ಜೊತೆಗೆ ಬರೋ ಸಿ3 ಅನ್ನೋ ಪ್ರೋಟೀನ್, ಎರಡೂ. ಹುಳ ಕಡಿತದಲ್ಲಿ ಈ ಗೆರೆ ಇರಲ್ಲ, ಸುಟ್ಟಿದ್ರಲ್ಲೂ ಇರಲ್ಲ. ಅಲ್ಲಿಗೆ ಉತ್ತರ ಸಿಕ್ತು.

ಹಾಗಾಗಿ ತೆಗೆಸೋ ದಿನ ಡಾಕ್ಟರಿಗೋ ಸಿಸ್ಟರಿಗೋ ಒಂದೇ ಮಾತು ಕೇಳಿ, "ಡಿಐಎಫ್ ತುಂಡು ಯಾವ ಬಾಟಲಿಗೆ ಹಾಕ್ತಿದೀರಾ?" ಅಂತ. ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಮಾಡ್ಕೊಂಡ್ರೂ ಪರವಾಗಿಲ್ಲ.

ನೋವಾಗುತ್ತಾ? ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸ್ಬೇಕಾ?

ಇಂಜೆಕ್ಷನ್ ಕೊಟ್ಟು ಮರಗಟ್ಟಿಸ್ತಾರೆ, ಅದು ಚುರುಕ್ ಅನ್ನುತ್ತೆ, ಆಮೇಲೆ ಏನಿಲ್ಲ. ಪೆನ್ಸಿಲ್ ತುದಿಯಷ್ಟು ಅಗಲದ ಪಂಚ್, ಸಾಮಾನ್ಯವಾಗಿ 4 ಮಿಲಿಮೀಟರ್, ಒಂದೆರಡು ಹೊಲಿಗೆ. ರಕ್ತ ತೆಳು ಮಾಡೋ ಮಾತ್ರೆನ ನೀವಾಗೇ ನಿಲ್ಲಿಸ್ಬೇಡಿ, ತಗೊಳ್ತಿರೋ ವಿಷಯ ಮೊದಲೇ ಹೇಳಿ, ಇಷ್ಟು ಸಣ್ಣ ಕೆಲಸಕ್ಕೆ ಹೆಚ್ಚಾಗಿ ನಿಲ್ಲಿಸೋದೇ ಇಲ್ಲ, ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡೀತಾರೆ.

ಅಷ್ಟರಲ್ಲಿ ಸ್ಟೀರಾಯ್ಡ್ ಶುರು ಮಾಡ್ಬಿಟ್ಟಿದ್ರೆ?

ಒಂದೆರಡು ದಿನ ಮುಲಾಮು ಹಚ್ಚಿದ್ರೆ ಆ ಗೆರೆ ಅಳಿಸಿ ಹೋಗಲ್ಲ. ಆದ್ರೆ ವಾರಗಟ್ಲೆ ಮಾತ್ರೆ ತಗೊಂಡು ಗುಳ್ಳೆನೇ ಇಲ್ಲದಿದ್ರೆ ತೆಗೆಯೋಕೆ ಹೊಸ ಗುಳ್ಳೆ ಸಿಗಲ್ಲ, ಡಿಐಎಫ್ ಕೂಡ ಮಸುಕಾಗಬಹುದು. ಗಲ್ಲಿ ಡಾಕ್ಟರ್ ಕೊಟ್ಟ "ಪವರ್‌ಫುಲ್ ಇಂಜೆಕ್ಷನ್" ಏನಂತ ಚೀಟಿ ಇಟ್ಕೊಳ್ಳಿ. ತುಂಡು ತೆಗೆದ ಮೇಲೆ ಮಾತ್ರ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡ್ತಾರೆ, ಅದು ಸರಿನೇ.

ಬರೀ ಬ್ಲಡ್ ಟೆಸ್ಟಲ್ಲಿ ಆಗಲ್ವಾ?

ಬಿಪಿ180 ಎಲೈಸಾ ಅಂತ ಇದೆ, ರಕ್ತದಲ್ಲಿ ಆ ಆಂಟಿಬಾಡಿ ಎಷ್ಟಿದೆ ಅಂತ ಅಳೆಯುತ್ತೆ, ಒಳ್ಳೇ ಟೆಸ್ಟು, ಕಾಯಿಲೆ ಎಷ್ಟು ಜೋರಾಗಿದೆ, ನಿಲ್ಲಿಸಿದ್ರೆ ಮರುಕಳಿಸುತ್ತಾ ಅಂತ ಅಂದಾಜು ಮಾಡೋಕೂ ಬಳಸ್ತಾರೆ. ಆದ್ರೆ ಕಾಯಿಲೆ ಇದ್ದೂ ಕೆಲವರಿಗೆ ನೆಗೆಟಿವ್ ಬರುತ್ತೆ, ಕಾಯಿಲೆ ಇಲ್ಲದ ಕೆಲವು ವಯಸ್ಸಾದವರಲ್ಲಿ ಸ್ವಲ್ಪ ಪಾಸಿಟಿವ್ ಕಾಣುತ್ತೆ. ಬಯಾಪ್ಸಿ ಜೊತೆಗೆ ಮಾಡ್ಸಿ, ಬದಲಿಗೆ ಬೇಡ.

ಶುಗರ್ ಮಾತ್ರೆಗೂ ಇದಕ್ಕೂ ಸಂಬಂಧ ಇದ್ಯಂತೆ?

ಇದೆ. "ಗ್ಲಿಪ್ಟಿನ್" ಅಂತ ಹೆಸರು ಮುಗಿಯೋ ಮಾತ್ರೆಗಳು, ಅದರಲ್ಲೂ ವಿಲ್ಡಾಗ್ಲಿಪ್ಟಿನ್ ಮತ್ತೆ ಲಿನಾಗ್ಲಿಪ್ಟಿನ್. ಮಾತ್ರೆ ಶುರು ಮಾಡಿ ತಿಂಗಳುಗಳಾದ ಮೇಲೆ, ಕೆಲವರಿಗೆ ವರ್ಷ ದಾಟಿ ಕಾಯಿಲೆ ಬರೋದ್ರಿಂದ ಯಾರೂ ಅದನ್ನ ಅನುಮಾನ ಪಡಲ್ಲ. ಮಾವ ಮೆಟ್‌ಫಾರ್ಮಿನ್ ಜೊತೆ ವಿಲ್ಡಾಗ್ಲಿಪ್ಟಿನ್ ಸೇರಿದ ಮಾತ್ರೆ ಎರಡು ವರ್ಷದಿಂದ ನುಂಗ್ತಿದ್ರು, ಸ್ಟ್ರಿಪ್ಪಿನ ಮುಂದೆ ಬ್ರಾಂಡ್ ಹೆಸರು ದಪ್ಪಕ್ಷರದಲ್ಲಿ, ಒಳಗಿರೋ ಔಷಧಿ ಹೆಸರು ಇರುವೆ ಸಾಲು. ಆ ಸಣ್ಣಕ್ಷರ ಓದಿ. ನೀವಾಗೇ ನಿಲ್ಲಿಸ್ಬೇಡಿ, ಶುಗರ್ ಡಾಕ್ಟರಿಗೆ ಹೇಳಿ ಬೇರೆ ಗುಂಪಿನದಕ್ಕೆ ಬದಲಾಯಿಸ್ಕೊಳ್ಳಿ. ಪಾರ್ಕಿನ್ಸನ್, ಲಕ್ವ, ಮರೆವಿನ ಕಾಯಿಲೆ ಇರೋರಲ್ಲೂ ಪೆಂಫಿಗಾಯ್ಡ್ ಹೆಚ್ಚು ಕಾಣುತ್ತೆ, ಪಾಪ ಅವರಿಗೆ ತುರಿಕೆ ಅಂತ ಹೇಳೋಕೂ ಆಗಿರಲ್ಲ, ನೋಡ್ಕೊಳ್ಳೋರೇ ಗಮನಿಸ್ಬೇಕು.

ಚಿಕಿತ್ಸೆ ಏನು? ಸ್ಟೀರಾಯ್ಡ್ ಮಾತ್ರೆನೇ ನುಂಗ್ಬೇಕಾ?

ಯಾವಾಗ್ಲೂ ಅಲ್ಲ. ಕ್ಲೋಬೆಟಾಸಾಲ್ ಅನ್ನೋ ಜೋರಾದ ಕ್ರೀಮನ್ನ ಗುಳ್ಳೆಗೆ ಮಾತ್ರ ಅಲ್ಲ, ಮುಖ ಬಿಟ್ಟು ಮೈಪೂರ್ತಿ ಹಚ್ಚೋ ವಿಧಾನ ಇದೆ, ಡಾಕ್ಟರ್ ಹೇಳಿದ ಲೆಕ್ಕದಲ್ಲಿ ದಿನಕ್ಕೆ 10 ಗ್ರಾಮಿಂದ 40 ಗ್ರಾಮ್‌ವರೆಗೆ. 2002ರಲ್ಲಿ ಫ್ರಾನ್ಸಿನ ದೊಡ್ಡ ಅಧ್ಯಯನದಲ್ಲಿ ಕಾಯಿಲೆ ಜೋರಿದ್ದವರಲ್ಲಿ ಕ್ರೀಮ್ ಹಚ್ಚಿದವರು ಒಂದು ವರ್ಷದ ನಂತರ ಬದುಕಿದ್ದಿದ್ದು 76%, ಹೆಚ್ಚು ಡೋಸಿನ ಮಾತ್ರೆ ತಗೊಂಡವರಲ್ಲಿ 58%. ಮಾತ್ರೆಯ ಅಡ್ಡಪರಿಣಾಮ ವಯಸ್ಸಾದ ಮೈಗೆ ಎಷ್ಟು ಭಾರ ಅಂತ ಇದರಲ್ಲೇ ಗೊತ್ತಾಗುತ್ತೆ.

ಇನ್ನೊಂದು ದಾರಿ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್, ದಿನಕ್ಕೆ 200 ಮಿಲಿಗ್ರಾಮ್. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ವಾರಕ್ಕೆ ಇದರಿಂದ ಸುಮಾರು 74% ಜನಕ್ಕೆ ಗುಳ್ಳೆ ಹತೋಟಿಗೆ ಬಂತು, ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆಗೆ 91%, ಆದ್ರೆ ಗಂಭೀರ ತೊಂದರೆ ಡಾಕ್ಸಿಸೈಕ್ಲಿನ್ ತಗೊಂಡವರಲ್ಲಿ ಅರ್ಧದಷ್ಟೇ. ಮಾವನಿಗೆ ಕ್ರೀಮ್ ಜೊತೆ ಇದನ್ನೇ ಕೊಟ್ರು. ಇವಕ್ಕೆ ಬಗ್ಗದಿದ್ರೆ ಮೆಥೋಟ್ರೆಕ್ಸೇಟ್, ಅಜಾಥಯೋಪ್ರಿನ್ ಥರದ, ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ಡಾಕ್ಟರ್ ಯೋಚಿಸ್ತಾರೆ.

ಕ್ರೀಮ್ ಹಚ್ಚೋದು ಹೇಳಿದಷ್ಟು ಸುಲಭ ಅಲ್ಲ. ದಿನಕ್ಕೆ 20 ಗ್ರಾಮ್ ಅಂದ್ರೆ ಮೂರು ದಿನಕ್ಕೆ 30 ಗ್ರಾಮಿನ ಎರಡು ಟ್ಯೂಬ್, ಮೆಡಿಕಲ್‌ನವನು "ಇಷ್ಟೊಂದಾ?" ಅಂತ ಚೀಟಿ ತಿರುಗಿಸಿ ಮುರುಗಿಸಿ ನೋಡಿದ. ಅತ್ತೆ ಗ್ಲವ್ಸ್ ಹಾಕ್ಕೊಂಡೇ ಹಚ್ತಿದ್ರು, ಇಲ್ಲಾಂದ್ರೆ ಹಚ್ಚೋರ ಕೈ ಚರ್ಮನೂ ತೆಳುವಾಗುತ್ತೆ. ಕ್ರೀಮಿಂದಲೂ ಶುಗರ್ ಏರಬಹುದು, ಮನೆ ಮೀಟರಲ್ಲಿ ನೋಡ್ತಾ ಇರಿ.

ಗುಳ್ಳೆ ಒಡೆಯಬಹುದಾ?

ಸಣ್ಣದು ಹಾಗೇ ಬಿಡಿ. ನಡೆಯೋಕೆ ಕೂರೋಕೆ ಅಡ್ಡ ಆಗೋ ದೊಡ್ಡದನ್ನ ಸಿಸ್ಟರ್ ಕೈಲಿ ಸ್ಟೆರೈಲ್ ಸೂಜಿಯಿಂದ ಕೆಳಗಡೆ ಅಂಚಿಗೆ ಚುಚ್ಚಿಸಿ ನೀರು ಇಳಿಸಿ, ಮೇಲಿನ ಚರ್ಮ ಕಿತ್ತು ಹಾಕ್ಬೇಡಿ, ಅದೇ ಬ್ಯಾಂಡೇಜು. ಮೇಲೆ ಅಂಟದ ಪ್ಯಾರಾಫಿನ್ ಗಾಜ್. ಅರಿಶಿನ, ಟೂತ್‌ಪೇಸ್ಟ್, ಸುಣ್ಣ ಯಾವುದೂ ಬೇಡ. ಗಾಯ ವಾಸಿಯಾದ್ಮೇಲೆ ಕಲೆ ಸ್ವಲ್ಪ ದಿನ ಇರುತ್ತೆ, ಗುಂಡಿ ಬಿದ್ದ ಗುರುತು ಸಾಮಾನ್ಯವಾಗಿ ಉಳಿಯಲ್ಲ.

ಅಂಟುತ್ತಾ?

ಇಲ್ಲ. ಮೊಮ್ಮಕ್ಕಳನ್ನ ದೂರ ಇಡೋದು ಬೇಡ.

ಯಾವಾಗ ತಡ ಮಾಡದೆ ಆಸ್ಪತ್ರೆಗೆ ಓಡ್ಬೇಕು?

ಜ್ವರ, ಗಾಯದಿಂದ ಕೀವು ಅಥವಾ ವಾಸನೆ, ತಲೆ ಮಂಕಾಗೋದು, ಒಂದು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಹೊಸ ಗುಳ್ಳೆ, ಬಾಯೊಳಗೆ ಕಣ್ಣಲ್ಲಿ ಹುಣ್ಣಾಗಿ ಊಟ ಸೇರದಿರೋದು. ಈ ಕಾಯಿಲೇಲಿ ಜನ ಸೋಲೋದು ಹೆಚ್ಚಾಗಿ ಸೋಂಕಿನಿಂದ.

ಔಷಧಿ ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಹಳೇ ಗಾಯ ಒಣಗಿದ್ದನ್ನ ನೋಡ್ಬೇಡಿ, ಹೊಸ ಗುಳ್ಳೆ ಎಣಿಸಿ. ಅತ್ತೆ ಅಡುಗೆಮನೆ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕದ ಪಕ್ಕದಲ್ಲೇ ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಎಣಿಸಿ ಬರೀತಿದ್ರು. ಮೊದಲ ವಾರ 7, 9, 6, 6 ಅಂತ ಇತ್ತು, ಮೂರನೇ ವಾರ 1, 0, 2, ಆಮೇಲೆ ಸೊನ್ನೆ ಸೊನ್ನೆ. ತುರಿಕೆ ಅದಕ್ಕಿಂತ ಮೊದಲೇ ಇಳಿದಿತ್ತು. ಡಾಕ್ಟರ್ ಆ ಹಾಳೆ ನೋಡಿಯೇ ಕ್ರೀಮ್ ಕಮ್ಮಿ ಮಾಡೋಕೆ ಶುರು ಮಾಡಿದ್ದು, ಅದೂ ಒಂದೇ ಸಲ ಅಲ್ಲ, ತಿಂಗಳುಗಟ್ಲೆ ಸ್ವಲ್ಪ ಸ್ವಲ್ಪವಾಗಿ, ಯಾಕಂದ್ರೆ ಬೇಗ ನಿಲ್ಲಿಸಿದ್ರೆ ಮರುಕಳಿಸೋದು ಬಹಳ ಸಾಮಾನ್ಯ. ನವೆಂಬರಲ್ಲಿ ಒಂದು ದಿನ ಮತ್ತೆ 2 ಅಂತ ಬರೆದಿದಾರೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹೋಗಿ ನೋಡಿದ್ರೆ ಎರಡೂ ಕಣಕಾಲ ಮೇಲೆ, ನಡುವೆ ಚುಕ್ಕೆ. ಅದು ನಿಜವಾಗ್ಲೂ ಸೊಳ್ಳೆ.